ಕೆಎಎಸ್‌ಗೆ ಓದಿದ ವರ್ಷಗಳನ್ನು ಖಾಸಗಿ ಕಂಪನಿಯ ಇಂಟರ್‌ವ್ಯೂನಲ್ಲಿ ಹೇಳುವುದು ಹೇಗೆ?

ಅಕೌಂಟ್ಸ್ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವಾಗ ನಾನು ಪ್ರಶ್ನೆ ಕೇಳುವವರ ಸಾಲಿನಲ್ಲಿ ಕೂರುತ್ತೇನೆ. ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದಲ್ಲೋ ರೂಮು ಮಾಡಿಕೊಂಡು ನಾಲ್ಕೈದು ವರ್ಷ ಕೆಎಎಸ್, ಎಫ್‌ಡಿಎ, ಪಿಎಸ್‌ಐ ಅಂತ ಓದಿ, ಈಗ ಖಾಸಗಿ ಕೆಲಸಕ್ಕೆ ಬರುವವರು ಪ್ರತಿ ಸಲವೂ ಇಬ್ಬರು ಮೂವರಾದರೂ ಇರುತ್ತಾರೆ. ಅವರಲ್ಲಿ ಜಾಸ್ತಿ ಜನ ಎಡವುವುದು ಒಂದೇ ಕಡೆ. ನಮಗೆ ಬೇಕಾಗಿರುವುದು ಒಂದು, ಅವರು ವಿವರಿಸುವುದು ಇನ್ನೊಂದು.

ಪರೀಕ್ಷೆ ಯಾಕೆ ಪಾಸಾಗಲಿಲ್ಲ ಅನ್ನುವುದು ನಮಗೆ ಮುಖ್ಯ ಅಲ್ಲವೇ ಅಲ್ಲ. ಆ ಪರೀಕ್ಷೆಗಳಲ್ಲಿ ಸಾವಿರ ಜನ ಬರೆದರೆ ಎಷ್ಟು ಜನಕ್ಕೆ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ತಲೆಯಲ್ಲಿ ಓಡುವುದು ಮೂರೇ ಅನುಮಾನ. ಮುಂದಿನ ಅಧಿಸೂಚನೆ ಬಂದ ಕೂಡಲೇ ಇವರು ಕೆಲಸ ಬಿಟ್ಟು ಹೋಗ್ತಾರಾ? ಇಷ್ಟು ವರ್ಷ ದೂರ ಇದ್ದವರಿಗೆ ಈಗಿನ ಕೆಲಸ ಬರುತ್ತಾ? ತಮಗಿಂತ ಚಿಕ್ಕವರ ಕೆಳಗೆ, ಆರಂಭದ ಸಂಬಳಕ್ಕೆ ಇವರು ನೆಮ್ಮದಿಯಾಗಿ ಕೂರ್ತಾರಾ? ನಿಮ್ಮ ರೆಸ್ಯೂಮೆ ಮತ್ತು ಉತ್ತರ ಈ ಮೂರಕ್ಕೆ ಸಮಾಧಾನ ಕೊಟ್ಟರೆ ಆಯಿತು.

ಬರೀ ಸಲಹೆ ಕೊಟ್ಟರೆ ಕೈಗೆ ಸಿಗುವುದಿಲ್ಲ, ಹಾಗಾಗಿ ಒಬ್ಬ ಹುಡುಗಿಯ ಉದಾಹರಣೆ ಇಟ್ಟುಕೊಳ್ಳೋಣ. ಬಿ.ಕಾಂ. ಮುಗಿಸಿದ್ದು 2017ರಲ್ಲಿ. ಎರಡು ವರ್ಷ ಒಬ್ಬ ಆಡಿಟರ್ ಹತ್ತಿರ ಅಕೌಂಟ್ಸ್ ಅಸಿಸ್ಟೆಂಟ್. 2019ರ ಮಧ್ಯದಲ್ಲಿ ಕೆಲಸ ಬಿಟ್ಟು ಕೆಎಎಸ್‌ಗೆ ಓದಿದಳು. ಒಮ್ಮೆ ಪ್ರಿಲಿಮ್ಸ್ ಪಾಸಾಯಿತು, ಮೇನ್ಸ್ ಬರೆದಳು, ಮುಂದೆ ಹೋಗಲಿಲ್ಲ. 2025ರ ಮಧ್ಯದಲ್ಲಿ ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪನಿಯ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾಳೆ. ಆರು ವರ್ಷದ ಗ್ಯಾಪ್.

ಮೊದಲು ಒಂದು ಹಾಳೆಯಲ್ಲಿ ತಿಂಗಳು ಸಮೇತ ಬರೆದುಕೊಳ್ಳಿ

ರೆಸ್ಯೂಮೆ ಆಮೇಲೆ. ಮೊದಲು ನಿಮಗೋಸ್ಕರ ಒಂದು ಹಾಳೆ. ಯಾವ ತಿಂಗಳು ಕೆಲಸ ಬಿಟ್ಟಿರಿ, ಯಾವ ಪರೀಕ್ಷೆ ಯಾವಾಗ ಬರೆದಿರಿ, ಯಾವ ಹಂತದವರೆಗೆ ಹೋದಿರಿ, ಮಧ್ಯೆ ಏನಾದರೂ ಕೆಲಸ ಮಾಡಿದ್ದರೆ ಎಲ್ಲಿಂದ ಎಲ್ಲಿಯವರೆಗೆ, ಓದು ನಿಲ್ಲಿಸಿದ್ದು ಯಾವಾಗ. ಹಾಲ್ ಟಿಕೆಟ್, ಅಂಕಪಟ್ಟಿ, ಮೇನ್ಸ್‌ಗೆ ಅರ್ಹರಾದ ಪಟ್ಟಿಯಲ್ಲಿ ನಿಮ್ಮ ನಂಬರ್ ಇರುವ ಪುಟ, ಇವನ್ನೆಲ್ಲ ಹುಡುಕಿ ಒಂದು ಫೋಲ್ಡರ್‌ಗೆ ಹಾಕಿ. ಇಂಟರ್‌ವ್ಯೂನಲ್ಲಿ ಯಾರೂ ಇವನ್ನು ಕೇಳುವುದಿಲ್ಲ. ಆದರೆ ದಿನಾಂಕ ನಿಮಗೇ ಸರಿಯಾಗಿ ನೆನಪಿಲ್ಲದಿದ್ದರೆ ರೆಸ್ಯೂಮೆಯಲ್ಲಿ ಒಂದು, ಬಾಯಲ್ಲಿ ಇನ್ನೊಂದು, ಫಾರ್ಮ್‌ನಲ್ಲಿ ಮತ್ತೊಂದು ಬರುತ್ತದೆ. ಅನುಮಾನ ಹುಟ್ಟುವುದು ಅಲ್ಲಿಂದ.

ಈ ಹಾಳೆ ಬರೆದಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಯುಪಿಎಸ್‌ಸಿ ಹಾಗೆ ಕೆಎಎಸ್ ಪರೀಕ್ಷೆಯೂ ಪ್ರತಿ ವರ್ಷ ನಡೆಯುತ್ತದೆ ಅಂತ ಹೊರಗಿನ ಎಚ್‌ಆರ್‌ಗಳು ಅಂದುಕೊಂಡಿರುತ್ತಾರೆ. ಹಾಗಾಗಿ ಆರು ವರ್ಷ ಅಂದರೆ ಆರು ಸಲ ಬರೆದು ಆರು ಸಲವೂ ಆಗಲಿಲ್ಲ ಅಂತ ಅವರಿಗೆ ಕೇಳಿಸುತ್ತದೆ. ನಿಜ ಬೇರೆ. 106 ಹುದ್ದೆಗಳ ಅಧಿಸೂಚನೆ ಬಂದಿದ್ದು 2020ರ ಜನವರಿ ಕೊನೆಯಲ್ಲಿ. ಅದರ ಪ್ರಿಲಿಮ್ಸ್ ಆಗಸ್ಟ್ 2020ರಲ್ಲಿ, ಮೇನ್ಸ್ 2021ರ ಫೆಬ್ರವರಿಯಲ್ಲಿ ನಡೆಯಿತು. ಅದಾದ ಮೇಲಿನ ಅಧಿಸೂಚನೆ, 384 ಹುದ್ದೆಗಳದ್ದು, ಬಂದಿದ್ದು 2024ರ ಫೆಬ್ರವರಿಯಲ್ಲಿ. ಅದರ ಪ್ರಿಲಿಮ್ಸ್ ಆಗಸ್ಟ್‌ನಲ್ಲಿ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಅಂದರೆ ನಮ್ಮ ಹುಡುಗಿಗೆ ಆರು ವರ್ಷದಲ್ಲಿ ಸಿಕ್ಕಿದ್ದು ಎರಡೇ ಅವಕಾಶ. ಪಿಎಸ್‌ಐಗೆ ಓದಿದವರದ್ದೂ ಇದೇ ಪಾಡು. 545 ಹುದ್ದೆಗಳ ಪರೀಕ್ಷೆ ಅಕ್ಟೋಬರ್ 2021ರಲ್ಲಿ ನಡೆದು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ.

ಇದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು, ಅಷ್ಟೇ. "ಮುಂದಿನ ಅಧಿಸೂಚನೆ ಬಂದಿದ್ದು ನಾಲ್ಕು ವರ್ಷದ ಮೇಲೆ" ಅಂದರೆ ಸಾಕು. ಆಯೋಗ ಹಾಗೆ, ಸರ್ಕಾರ ಹೀಗೆ ಅಂತ ಶುರು ಮಾಡಿದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ ಇರಬಹುದು, ಆದರೆ ಎದುರಿಗೆ ಕೂತವರು "ನಾಳೆ ನಮ್ಮ ಬಗ್ಗೆಯೂ ಹೀಗೇ ಮಾತಾಡ್ತಾರೆ" ಅಂದುಕೊಳ್ಳುತ್ತಾರೆ.

ನೀವಿಲ್ಲದಾಗ ಆ ಕೆಲಸದಲ್ಲಿ ಏನು ಬದಲಾಯಿತು?

ನನ್ನ ಪ್ರಕಾರ ಅತಿ ಮುಖ್ಯವಾದ ಹೆಜ್ಜೆ ಇದು. ಜಾಸ್ತಿ ಜನ ಬಿಡುವುದೂ ಇದನ್ನೇ. ಓದಿನಿಂದ ಶಿಸ್ತು ಬಂತು, ತಾಳ್ಮೆ ಬಂತು ಅಂತ ಹೇಳುವ ಉತ್ತರವನ್ನು ನಾವು ಎಷ್ಟು ಸಲ ಕೇಳಿದ್ದೇವೆ ಅಂದರೆ ಅದು ಕಿವಿಗೇ ಬೀಳುವುದಿಲ್ಲ. ಅದರ ಬದಲು, ನೀವು ಸೇರಬೇಕಾದ ಕೆಲಸದಲ್ಲಿ ಈ ವರ್ಷಗಳಲ್ಲಿ ಆದ ಬದಲಾವಣೆ ಏನು ಅಂತ ಪಟ್ಟಿ ಮಾಡಿ.

ನಮ್ಮ ಹುಡುಗಿಯದ್ದು ಹೀಗಿರುತ್ತದೆ. ಅವಳು ಬಿಟ್ಟಾಗ ಆಫೀಸಿನಲ್ಲಿ ಇದ್ದಿದ್ದು ಟ್ಯಾಲಿ ಇಆರ್‌ಪಿ 9, ಈಗ ಇರುವುದು ಟ್ಯಾಲಿ ಪ್ರೈಮ್. ಆಗ ಖರೀದಿ ಬಿಲ್ಲುಗಳ ತೆರಿಗೆ ಕ್ರೆಡಿಟ್ ನೋಡಲು ಇದ್ದಿದ್ದು ಜಿಎಸ್‌ಟಿಆರ್-2ಎ ಮಾತ್ರ. ಮಾರಿದವರು ಯಾವಾಗ ರಿಟರ್ನ್ ಹಾಕಿದರೂ ಅದು ಬದಲಾಗುತ್ತಲೇ ಇರುತ್ತದೆ. 2020ರಲ್ಲಿ 2ಬಿ ಬಂತು. ಅದು ತಿಂಗಳ 14ನೇ ತಾರೀಖು ತಯಾರಾಗುತ್ತದೆ, 2ಎ ಹಾಗೆ ದಿನಾ ಬದಲಾಗುತ್ತಿರುವುದಿಲ್ಲ. 2022ರ ಜನವರಿಯಿಂದ, ಅದರಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ತೆಗೆದುಕೊಳ್ಳುವ ಹಾಗಿಲ್ಲ. ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಶುರುವಾಗಿದ್ದು 2020ರ ಅಕ್ಟೋಬರ್‌ನಲ್ಲಿ ಬಹಳ ದೊಡ್ಡ ಕಂಪನಿಗಳಿಗೆ ಮಾತ್ರ. 2023ರ ಆಗಸ್ಟ್‌ನಿಂದ ವರ್ಷಕ್ಕೆ 5 ಕೋಟಿ ದಾಟಿದ ವಹಿವಾಟಿಗೆಲ್ಲ ಬಂತು. ಅವಳು ಅರ್ಜಿ ಹಾಕುತ್ತಿರುವ ಕಂಪನಿಯೂ ಇದರೊಳಗೇ ಬರುತ್ತದೆ.

ಅಂದರೆ ಅವಳು ಅರ್ಜಿ ಹಾಕುವ ಮೊದಲು ಕಲಿಯಬೇಕಾದ್ದು ಇಡೀ ಅಕೌಂಟ್ಸ್ ಅಲ್ಲ, ಈ ಎರಡು ಮೂರು ವಿಷಯ. ಹಳೆ ಆಡಿಟರ್ ಹತ್ತಿರ ಹೋಗಿ ಮೂರು ತಿಂಗಳು ಕೂರಲಿ, ಸಂಬಳ ಕಡಿಮೆ ಕೊಟ್ಟರೂ ಪರವಾಗಿಲ್ಲ. ಒಬ್ಬ ಸಣ್ಣ ವ್ಯಾಪಾರಿಯ ಖರೀದಿ ರಿಜಿಸ್ಟರ್ ಮತ್ತು 2ಬಿ ಎರಡನ್ನೂ ಎಕ್ಸೆಲ್‌ಗೆ ಇಳಿಸಿಕೊಂಡು, ಜಿಎಸ್‌ಟಿ ನಂಬರ್ ಮತ್ತು ಬಿಲ್ ನಂಬರ್ ಸೇರಿಸಿ ತಾಳೆ ನೋಡುವುದನ್ನು ತನ್ನ ಕೈಯಿಂದ ಮಾಡಲಿ. ಮಾಡಿದರೆ ಮೊದಲ ದಿನವೇ ಗೊತ್ತಾಗುತ್ತದೆ: ತಾಳೆಯಾಗದ ಬಿಲ್ಲುಗಳಲ್ಲಿ ಎಷ್ಟೋ ನಿಜವಾಗಿ ಇಲ್ಲದ ಬಿಲ್ಲುಗಳಲ್ಲ. ನಮ್ಮ ಕಡೆ 045 ಅಂತ ಹಾಕಿರುತ್ತಾರೆ, ಅವರ ಕಡೆ 45 ಅಂತ ಇರುತ್ತದೆ, ಇಲ್ಲವೇ ಮಧ್ಯದ ಗೆರೆ ಬಿಟ್ಟುಹೋಗಿರುತ್ತದೆ. ಅವನ್ನು ಸರಿ ಮಾಡಿದ ಮೇಲೆ ಉಳಿಯುವುದು, ಮಾರಿದವರು ರಿಟರ್ನೇ ಹಾಕದ ಬಿಲ್ಲುಗಳು. ಅವರಿಗೆ ಫೋನ್ ಮಾಡಬೇಕು. ಈ ಒಂದು ವಿವರವನ್ನು ಇಂಟರ್‌ವ್ಯೂನಲ್ಲಿ ಹೇಳಿದವರನ್ನು ನಾನು ಗ್ಯಾಪ್ ಬಗ್ಗೆ ಮತ್ತೆ ಕೇಳುವುದಿಲ್ಲ. ಕೆಲಸ ಮಾಡಿದವರಿಗೆ ಮಾತ್ರ ಗೊತ್ತಿರುವ ಮಾತು ಅದು.

ಬೇರೆ ಕೆಲಸಕ್ಕೆ ಹೋಗುವವರು ಇದೇ ಲೆಕ್ಕ ಹಾಕಿ. ಆ ಹುದ್ದೆಯಲ್ಲಿ ಈಗ ಇರುವ ಒಬ್ಬರನ್ನು ಹಿಡಿದು "2019ರಲ್ಲಿ ಇಲ್ಲದ ಯಾವ ಕೆಲಸ ಈಗ ದಿನಾ ಮಾಡ್ತೀರಿ?" ಅಂತ ಕೇಳಿ. ಉತ್ತರ ಸಾಮಾನ್ಯವಾಗಿ ಎರಡು ಮೂರು ವಿಷಯ ದಾಟುವುದಿಲ್ಲ.

ರೆಸ್ಯೂಮೆಯಲ್ಲಿ ಎಲ್ಲಿ, ಎಷ್ಟು

ಗ್ಯಾಪ್ ಮುಚ್ಚಬೇಡಿ. ವರ್ಷಗಳನ್ನೇ ತೆಗೆದು ಬರೀ ಕಂಪನಿ ಹೆಸರು ಬರೆಯುವುದು, ಎರಡು ವರ್ಷದ ಕೆಲಸವನ್ನು ನಾಲ್ಕು ವರ್ಷ ಮಾಡುವುದು, ಇವೆಲ್ಲ ನಮಗೆ ಮೊದಲ ನೋಟಕ್ಕೇ ಗೊತ್ತಾಗುತ್ತವೆ. ಹಾಗೆಯೇ ಅದನ್ನು ದೊಡ್ಡದೂ ಮಾಡಬೇಡಿ. ಕೆಎಎಸ್, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಗ್ರಾಮ ಲೆಕ್ಕಿಗ, ಬ್ಯಾಂಕ್ ಪಿಒ ಅಂತ ಬರೆದ ಪರೀಕ್ಷೆಗಳನ್ನೆಲ್ಲ ಸಾಲಾಗಿ ಹಾಕಿದರೆ, ಓದುವವರಿಗೆ ಕಾಣುವುದು ಸರ್ಕಾರಿ ಕೆಲಸ ಯಾವುದಾದರೂ ಸರಿ ಅಂತ ಓಡಾಡಿದ ಮನುಷ್ಯ. ಮುಖ್ಯವಾಗಿ ಯಾವುದಕ್ಕೆ ಓದಿದಿರೋ ಅದೊಂದೇ ಸಾಕು.

ಅನುಭವದ ಪಟ್ಟಿಯಲ್ಲೇ, ದಿನಾಂಕದ ಕ್ರಮದಲ್ಲೇ ಒಂದು ಸಾಲು ಬರಲಿ. ನಮ್ಮ ಹುಡುಗಿಯ ರೆಸ್ಯೂಮೆಯ ಆ ಭಾಗ ಹೀಗಿರಬಹುದು:

*ಏಪ್ರಿಲ್ 2025 – ಈವರೆಗೆ: ಅಕೌಂಟ್ಸ್ ಸಹಾಯಕಿ (ಪಾರ್ಟ್‌ಟೈಮ್), ಆಡಿಟರ್ ಕಚೇರಿ. ಎರಡು ಸಂಸ್ಥೆಗಳ ಜಿಎಸ್‌ಟಿ ರಿಟರ್ನ್ ತಯಾರಿ, 2ಬಿ ತಾಳೆ, ಟ್ಯಾಲಿ ಪ್ರೈಮ್‌ನಲ್ಲಿ ದಿನದ ಎಂಟ್ರಿ.*

*ಜುಲೈ 2019 – ಮಾರ್ಚ್ 2025: ಕೆಎಎಸ್ ಪರೀಕ್ಷೆಗೆ ಪೂರ್ಣಾವಧಿ ತಯಾರಿ. 2020ರ ಅಧಿಸೂಚನೆಯಲ್ಲಿ ಪ್ರಿಲಿಮ್ಸ್ ತೇರ್ಗಡೆ, ಮೇನ್ಸ್ ಬರೆದಿದ್ದೇನೆ. ತಯಾರಿ ಮುಗಿದಿದೆ.*

*ಜೂನ್ 2017 – ಜೂನ್ 2019: ಅಕೌಂಟ್ಸ್ ಅಸಿಸ್ಟೆಂಟ್, ಅದೇ ಆಡಿಟರ್ ಕಚೇರಿ.*

ರೆಸ್ಯೂಮೆ ಇಂಗ್ಲಿಷ್‌ನಲ್ಲಿದ್ದರೆ ಇದೇ ಅಳತೆಯಲ್ಲಿ ಬರೆಯಿರಿ. "ತಯಾರಿ ಮುಗಿದಿದೆ" ಅನ್ನುವ ಎರಡು ಪದ ಬಿಡಬೇಡಿ, ಮೊದಲ ಅನುಮಾನಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಆದರೆ ನಿಜವಾಗಿ ಮುಗಿದಿದ್ದರೆ ಮಾತ್ರ ಬರೆಯಿರಿ. ಪ್ರಿಲಿಮ್ಸ್ ಒಮ್ಮೆಯೂ ಆಗದಿದ್ದರೆ ಎಷ್ಟು ಸಲ ಬರೆದಿರಿ ಅಂತ ಹಾಕುವ ಅಗತ್ಯ ಇಲ್ಲ, ಪೂರ್ಣಾವಧಿ ತಯಾರಿ ಅಂದರೆ ಸಾಕು. ಮಧ್ಯೆ ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳಿದ್ದು, ಟೆಸ್ಟ್ ಪೇಪರ್ ತಿದ್ದಿದ್ದು ಇದ್ದರೆ ಬರೆಯಿರಿ. ಒಂದೇ ಷರತ್ತು: ನಾವು ಫೋನ್ ಮಾಡಿದರೆ "ಹೌದು, ಇಲ್ಲಿ ಮಾಡಿದ್ದಾರೆ" ಅನ್ನುವವರು ಒಬ್ಬರು ಇರಬೇಕು. ಲಿಂಕ್ಡ್‌ಇನ್‌ನಲ್ಲಿ ಕೆರಿಯರ್ ಬ್ರೇಕ್ ಅಂತಲೇ ಒಂದು ಆಯ್ಕೆ ಇದೆ, ಅಲ್ಲೂ ಇದೇ ದಿನಾಂಕ ಹಾಕಿ.

ಒಂದು ನಿಮಿಷದ ಉತ್ತರ

"ಈ ಆರು ವರ್ಷ ಏನ್ ಮಾಡ್ತಿದ್ರಿ?" ಅಂದಾಗ ಉತ್ತರ ಒಂದು ನಿಮಿಷ ದಾಟಬಾರದು. ಅದರಲ್ಲಿ ಅರ್ಧ ಭಾಗ ಮಾತ್ರ ಹಿಂದಿನದು, ಉಳಿದರ್ಧ ಈಗಿನದು. ಹೀಗೆ:

"2019ರವರೆಗೆ ಎರಡು ವರ್ಷ ಆಡಿಟರ್ ಆಫೀಸಿನಲ್ಲಿದ್ದೆ ಸರ್. ಆಮೇಲೆ ಕೆಎಎಸ್‌ಗೆ ಪೂರ್ತಿಯಾಗಿ ಓದಿದೆ. 2020ರಲ್ಲಿ ಪ್ರಿಲಿಮ್ಸ್ ಆಯಿತು, ಮೇನ್ಸ್ ಬರೆದೆ, ಇಂಟರ್‌ವ್ಯೂಗೆ ಕರೆ ಬರಲಿಲ್ಲ. ಮುಂದಿನ ಅಧಿಸೂಚನೆ ಬಂದಿದ್ದು ನಾಲ್ಕು ವರ್ಷದ ಮೇಲೆ. ಅದನ್ನೂ ಬರೆದೆ, ಆಗಲಿಲ್ಲ. ಈ ವರ್ಷ ಮಾರ್ಚ್‌ಗೆ ಓದು ನಿಲ್ಲಿಸಿದೆ. ನನಗೆ ಮೊದಲಿನಿಂದ ಗೊತ್ತಿರೋದು ಅಕೌಂಟ್ಸ್. ನಾನು ಬಿಟ್ಟಾಗ 2ಬಿ ಇರಲಿಲ್ಲ, ಇ-ಇನ್‌ವಾಯ್ಸ್ ಇರಲಿಲ್ಲ. ಹಾಗಾಗಿ ಮೂರು ತಿಂಗಳಿಂದ ಹಳೇ ಆಫೀಸಿನಲ್ಲೇ ಎರಡು ಪಾರ್ಟಿಗಳ ರಿಟರ್ನ್ ಕೆಲಸ ಮಾಡ್ತಾ ಇದ್ದೀನಿ. ತಾಳೆ ಶೀಟ್ ಹೇಗೆ ಮಾಡ್ತೀನಿ ಅಂತ ಬೇಕಾದ್ರೆ ತೋರಿಸ್ತೀನಿ."

ಕೊನೆಯ ವಾಕ್ಯ ಮಾತನ್ನು ಪರೀಕ್ಷೆಯಿಂದ ಎತ್ತಿ ಕೆಲಸದ ಕಡೆ ತಿರುಗಿಸುತ್ತದೆ. ಮುಂದಿನ ಪ್ರಶ್ನೆ ಆ ಶೀಟಿನ ಬಗ್ಗೆಯೇ ಬರುತ್ತದೆ. ತೋರಿಸುವಾಗ ಪಾರ್ಟಿಯ ಹೆಸರು, ಜಿಎಸ್‌ಟಿ ನಂಬರ್ ಅಳಿಸಿರಬೇಕು, ಇನ್ನೊಬ್ಬರ ಲೆಕ್ಕ ಹಾಗೇ ತೋರಿಸಿದರೆ ಅದೇ ನಿಮಗೆ ಮುಳುವಾಗುತ್ತದೆ. ಇಂಟರ್‌ವ್ಯೂ ಇಂಗ್ಲಿಷ್‌ನಲ್ಲಿ ನಡೆಯುವ ಸಾಧ್ಯತೆ ಇದ್ದರೆ ಈ ಒಂದು ಉತ್ತರವನ್ನಾದರೂ ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಬೇರೆ ಎಲ್ಲೇ ತಡವರಿಸಿದರೂ ನಡೆಯುತ್ತದೆ, ಇಲ್ಲಿ ತಡವರಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ.

"ನಾಳೆ ಮತ್ತೆ ಅಧಿಸೂಚನೆ ಬಂದ್ರೆ?"

ಈ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಉತ್ತರವನ್ನು ಇಂಟರ್‌ವ್ಯೂ ದಿನ ಯೋಚಿಸುವುದಲ್ಲ, ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಕು. ಮೂರು ಥರದ ಜನ ಇರುತ್ತಾರೆ.

ನಿಜವಾಗಿ ಬಿಟ್ಟವರಿಗೆ ಸುಲಭ. ಅದಕ್ಕೊಂದು ಕಾರಣ ಸೇರಿಸಿ ಹೇಳಿ. ಯುಪಿಎಸ್‌ಸಿ ಬರೆದವರಾದರೆ ವಯಸ್ಸು ಅಥವಾ ಅವಕಾಶ ಮುಗಿದಿದ್ದನ್ನೇ ಹೇಳಬಹುದು: ಸಾಮಾನ್ಯ ವರ್ಗಕ್ಕೆ 32 ವರ್ಷ, 6 ಸಲ, ಒಬಿಸಿಗೆ 35 ವರ್ಷ, 9 ಸಲ. ಅದು ಮುಗಿದಿದ್ದರೆ ಬೇರೆ ಯಾವ ಸಾಕ್ಷಿಯೂ ಬೇಡ. ವಯಸ್ಸು ಇನ್ನೂ ಇದ್ದರೆ "2024ರದ್ದೇ ಕೊನೆ ಅಂತ ಮನೆಯಲ್ಲಿ ಮೊದಲೇ ಮಾತಾಗಿತ್ತು" ಅನ್ನುವಂಥ, ನಿಮ್ಮ ಮಟ್ಟಿಗೆ ನಿಜವಾದ ಕಾರಣ ಹೇಳಿ. ಸುಮ್ನೆ "ಇಲ್ಲ ಸರ್, ಇನ್ನು ಬರೆಯಲ್ಲ" ಅಂದರೆ ಯಾರೂ ನಂಬುವುದಿಲ್ಲ.

ಬರೆದ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿರುವವರದ್ದು ಕಷ್ಟ. ಇವರು ಎಲ್ಲ ಬಿಟ್ಟೆ ಅಂತ ಹೇಳಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆಯ್ಕೆ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಗುತ್ತದೆ. ಆರು ತಿಂಗಳಾದ ಮೇಲೆ ನಿಮ್ಮ ಹೆಸರು ಅಲ್ಲಿ ಬಂದರೆ, ನಿಮ್ಮನ್ನು ನಂಬಿ ತೆಗೆದುಕೊಂಡ ಮ್ಯಾನೇಜರ್ ಮುಂದಿನ ಸಲ ನಿಮ್ಮಂಥವರ ರೆಸ್ಯೂಮೆಯನ್ನೇ ಪಕ್ಕಕ್ಕಿಡುತ್ತಾರೆ. ಹೀಗೆ ಹೇಳಿ: "ಹೋದ ವರ್ಷ ಬರೆದ ಒಂದು ಪರೀಕ್ಷೆಯ ಫಲಿತಾಂಶ ಬಾಕಿ ಇದೆ. ಹೊಸದಾಗಿ ಯಾವುದಕ್ಕೂ ಓದ್ತಾ ಇಲ್ಲ. ಆಯ್ಕೆಯಾದ್ರೂ ದಾಖಲೆ ಪರಿಶೀಲನೆ, ಪೊಲೀಸ್ ವೆರಿಫಿಕೇಶನ್ ಆಗಿ ಆದೇಶ ಬರೋಕೆ ತಿಂಗಳುಗಳು ಹಿಡಿಯುತ್ತೆ. ನೋಟಿಸ್ ಪೀರಿಯಡ್ ಪೂರ್ತಿ ಮಾಡಿ, ಕೆಲಸ ಒಪ್ಪಿಸಿಯೇ ಹೋಗ್ತೀನಿ." ಇದನ್ನು ಕೇಳಿ ಕೆಲವು ಕಂಪನಿಗಳು ಬೇಡ ಅನ್ನುತ್ತವೆ. ಅನ್ನಲಿ. ಒಪ್ಪಿದ ಕಂಪನಿಯಲ್ಲಿ ನೀವು ತಲೆ ತಗ್ಗಿಸದೆ ಕೆಲಸ ಮಾಡಬಹುದು. ಆಫರ್ ಲೆಟರ್‌ನಲ್ಲಿ ಬಾಂಡ್ ಇದೆಯಾ, ಬೇಗ ಬಿಟ್ಟರೆ ದುಡ್ಡು ಕಟ್ಟಬೇಕಾ ಅಂತ ಸಹಿ ಹಾಕುವ ಮೊದಲು ಓದಿ. ಈ ಗುಂಪಿನವರಿಗೆ ಆ ಸಾಲು ಎಲ್ಲಕ್ಕಿಂತ ಮುಖ್ಯ.

ಮೂರನೆಯವರು ಕೆಲಸ ಮಾಡುತ್ತಲೇ ಓದುವ ಆಸೆ ಇಟ್ಟುಕೊಂಡವರು. ಜಿಎಸ್‌ಟಿ ರಿಟರ್ನ್‌ಗೆ ಕೊನೆ ದಿನವಾದ ಪ್ರತಿ ತಿಂಗಳ 11 ಮತ್ತು 20ರ ಆಸುಪಾಸಿನಲ್ಲಿ ರಾತ್ರಿ ಎಂಟರವರೆಗೆ ಕೆಲಸ ಇರುವ ಜಾಗ ಅವರಿಗೆ ಆಗಿಬರುವುದಿಲ್ಲ. ನಿಗದಿತ ಶಿಫ್ಟ್ ಇರುವ ಕೆಲಸ ಹುಡುಕುವುದು ಅವರಿಗೂ ಕಂಪನಿಗೂ ಒಳ್ಳೆಯದು.

ಸಂಬಳದ ಮಾತು ಬಂದಾಗ ವಯಸ್ಸನ್ನು ಲೆಕ್ಕ ಹಿಡಿಯಬೇಡಿ. ಬಿ.ಕಾಂ. ಆಗಿ ಎಂಟು ವರ್ಷ ಆಯಿತು ಅನ್ನುವುದು ಅನುಭವ ಆಗುವುದಿಲ್ಲ. ನಮ್ಮ ಹುಡುಗಿಯ ಅನುಭವ ಎರಡು ವರ್ಷ ಮೂರು ತಿಂಗಳು, ಅಷ್ಟು ಅನುಭವದವರಿಗೆ ಅಲ್ಲಿ ಏನು ಕೊಡುತ್ತಾರೋ ಅದನ್ನು ಕೇಳಿ, ಆರು ತಿಂಗಳ ಮೇಲೆ ಮತ್ತೆ ನೋಡೋಣ ಅಂತ ಮಾತಾಡಬಹುದು. ಟೀಮ್ ಲೀಡರ್ ನಿಮಗಿಂತ ನಾಲ್ಕು ವರ್ಷ ಚಿಕ್ಕವರು, ಪರವಾಗಿಲ್ವಾ ಅಂತ ಕೇಳಿದರೆ, ಈಗ ಕೆಲಸ ಹೇಳಿಕೊಡುತ್ತಿರುವವರೂ ಚಿಕ್ಕವರೇ ಅಂತ ಇದ್ದದ್ದನ್ನು ಹೇಳಿ.

ಆಫರ್ ಬಂದ ಮೇಲೆ ಬರುವ ಕಾಗದಗಳು

ಎಷ್ಟೋ ಕಂಪನಿಗಳು ಹಿನ್ನೆಲೆ ಪರಿಶೀಲನೆಯನ್ನು ಹೊರಗಿನ ಏಜೆನ್ಸಿಗೆ ಕೊಡುತ್ತವೆ. ಅವರು ಹಳೆ ಕಂಪನಿಗೆ ಮೇಲ್ ಮಾಡುತ್ತಾರೆ, ಪಿಎಫ್‌ನ ಖಾಯಂ ನಂಬರ್ ಆದ ಯುಎಎನ್ ಕೇಳುತ್ತಾರೆ. ಯುಎಎನ್ ಸೇವಾ ವಿವರದಲ್ಲಿ ಯಾವ ಸಂಸ್ಥೆಯಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದಿರಿ ಅಂತ ಕಾಣುತ್ತದೆ. ದುಡ್ಡು ಕೊಟ್ಟರೆ ಮೂರು ವರ್ಷದ ಅನುಭವ ಪತ್ರ, ಪೇಸ್ಲಿಪ್ ಎಲ್ಲ ಮಾಡಿಕೊಡುತ್ತೇವೆ ಅನ್ನುವವರ ಮಾತು ಕೇಳಬೇಡಿ. ಸಿಕ್ಕಿಬೀಳುವುದು ಕೆಲವು ಸಲ ಸೇರಿ ಎರಡು ತಿಂಗಳಾದ ಮೇಲೆ, ಆಗ ಆ ದಿನವೇ ಕಳಿಸುತ್ತಾರೆ. ಆರು ವರ್ಷ ಓದಿದ್ದೆ ಅಂತ ನೇರವಾಗಿ ಹೇಳಿದ್ದರೆ ಉಳಿಯುತ್ತಿದ್ದ ಕೆಲಸ ಹಾಗೆ ಹೋಗುತ್ತದೆ.

ಇನ್ನೊಂದು ಕಡೆ, ನಿಜವಾಗಿ ಮಾಡಿದ ಕೆಲಸಕ್ಕೇ ದಾಖಲೆ ಇಲ್ಲದಿರಬಹುದು. ಪಿಎಫ್ ಕಡ್ಡಾಯ ಆಗುವುದು 20 ಜನ ಇರುವ ಸಂಸ್ಥೆಗೆ. ಸಣ್ಣ ಆಡಿಟರ್ ಆಫೀಸುಗಳಲ್ಲಿ ಅದು ಇರುವುದಿಲ್ಲ, ಹಾಗಾಗಿ ನಮ್ಮ ಹುಡುಗಿಯ ಮೊದಲ ಎರಡು ವರ್ಷ ಯುಎಎನ್‌ನಲ್ಲಿ ಕಾಣುವುದಿಲ್ಲ. ಅವಳು ಈಗಲೇ ಆಡಿಟರ್ ಹತ್ತಿರ ಲೆಟರ್‌ಹೆಡ್ ಮೇಲೆ, ಸೇರಿದ ಮತ್ತು ಬಿಟ್ಟ ತಾರೀಖು ಸಮೇತ ಪತ್ರ ಬರೆಸಿಕೊಳ್ಳಬೇಕು. ಸಂಬಳ ಬ್ಯಾಂಕಿಗೆ ಬಂದಿದ್ದರೆ ಆಗಿನ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಬೇಕು.

ಕೆಲವು ಕಂಪನಿಗಳು ಗ್ಯಾಪ್ ಅಫಿಡವಿಟ್ ಕೇಳುತ್ತವೆ, ಸ್ಟಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸುವುದು. ಗಾಬರಿಯಾಗುವ ವಿಷಯ ಅಲ್ಲ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ, ಈ ಅವಧಿಯಲ್ಲಿ ಬೇರೆಲ್ಲೂ ಕೆಲಸದಲ್ಲಿರಲಿಲ್ಲ, ನನ್ನ ಮೇಲೆ ಯಾವುದೇ ಕ್ರಿಮಿನಲ್ ಕೇಸ್ ಇಲ್ಲ ಅಂತ ಮೂರು ನಾಲ್ಕು ಸಾಲು. ಮಧ್ಯೆ ಪಾರ್ಟ್‌ಟೈಮ್ ಮಾಡಿದ್ದರೆ "ಎಲ್ಲೂ ಕೆಲಸದಲ್ಲಿರಲಿಲ್ಲ" ಅಂತ ಟೈಪ್ ಮಾಡುವವರು ರೂಢಿಯಂತೆ ಹಾಕಿಬಿಡುತ್ತಾರೆ, ಸಹಿ ಮಾಡುವ ಮೊದಲು ಆ ಸಾಲು ತಿದ್ದಿಸಿ. ತಾರೀಖುಗಳನ್ನು ನೀವು ಮೊದಲು ಬರೆದುಕೊಂಡ ಹಾಳೆ ನೋಡಿಯೇ ಹಾಕಿಸಿ. ಹಾಲ್ ಟಿಕೆಟ್‌ಗಳ ಪ್ರತಿ ಕೇಳಿದರೆ ಆಗ ಆ ಫೋಲ್ಡರ್‌ನಿಂದ ಕೊಡಿ.

ಯುಪಿಎಸ್‌ಸಿಯಲ್ಲಿ ಇಂಟರ್‌ವ್ಯೂವರೆಗೆ ಹೋಗಿ ಅಂತಿಮ ಪಟ್ಟಿಯಲ್ಲಿ ಬರದವರಿಗೆ ಇನ್ನೊಂದು ದಾರಿ ಇದೆ. 2018ರಿಂದ ಅಂಥ ಅಭ್ಯರ್ಥಿಗಳ ವಿವರವನ್ನು, ಅವರ ಒಪ್ಪಿಗೆ ಇದ್ದರೆ, ಆಯೋಗ ಹೊರಗಿನ ಸಂಸ್ಥೆಗಳಿಗೆ ಸಿಗುವ ಹಾಗೆ ಮಾಡುತ್ತಿದೆ. ಈಗ ಅದರ ಹೆಸರು ಪ್ರತಿಭಾ ಸೇತು, ಖಾಸಗಿ ಕಂಪನಿಗಳೂ ಅದರಲ್ಲಿ ನೋಂದಾಯಿಸಿಕೊಳ್ಳಬಹುದು. ಒಪ್ಪಿಗೆ ಕೊಟ್ಟಿದ್ದರೆ ಅರ್ಜಿಯ ಜೊತೆ ಕಳಿಸುವ ಪತ್ರದಲ್ಲಿ ಅದನ್ನು ಒಂದು ಸಾಲಿನಲ್ಲಿ ಹೇಳಿ, ನೀವು ಯಾವ ಹಂತದವರೆಗೆ ಹೋಗಿದ್ದಿರಿ ಅನ್ನುವುದನ್ನು ಕಂಪನಿಯವರು ಅಲ್ಲೇ ನೋಡಿಕೊಳ್ಳಬಹುದು.